ಕಬ್ಬಿಣದ ಕಡಾಯಿ: ರೊಟ್ಟಿಗಿಂತ ಪುಂಡಿಪಲ್ಯಕ್ಕೆ ಲಾಭ ಹೆಚ್ಚು

ವಿಜಯಪುರ: ನಗರದ ಇಬ್ರಾಹಿಂಪುರದಿಂದ ತಿಕೋಟಾ, ಬಬಲೇಶ್ವರದವರೆಗೆ ಜೋಳದ ರೊಟ್ಟಿ ಬೇಯುವುದು ಕಬ್ಬಿಣದ ಹಂಚಿನ ಮೇಲೆಯೇ. ನಿತ್ಯ ಕಬ್ಬಿಣದಲ್ಲಿ ಬೇಯಿಸಿಯೂ ರಕ್ತಹೀನತೆ ಏಕೆ ಎಂಬ ಪ್ರಶ್ನೆ ಸಹಜ. 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ರಾಜ್ಯದಲ್ಲಿ 15ರಿಂದ 49 ವರ್ಷದ ಮಹಿಳೆಯರ ಪೈಕಿ ಶೇ 47.8 ಮಂದಿಗೆ ರಕ್ತಹೀನತೆ ಇತ್ತು.

ಉತ್ತರದ ಒಂದು ಭಾಗ ಹಂಚಿನಲ್ಲಿಯೇ ಇದೆ. ಪಾತ್ರೆಯ ಕಬ್ಬಿಣ ಆಹಾರಕ್ಕೆ ಇಳಿಯಬೇಕಾದರೆ ನೀರು, ಹುಳಿ ಮತ್ತು ಸಮಯ ಮೂರೂ ಬೇಕು. ರೊಟ್ಟಿಗೆ ಹುಳಿಯಿಲ್ಲ; ಅದು ಹಂಚಿನ ಮೇಲಿರುವುದೂ ಒಂದೆರಡು ನಿಮಿಷ ಮಾತ್ರ. ಒಣ ಹಂಚಿನಿಂದ ಅದಕ್ಕೆ ದಕ್ಕುವುದು ಅತ್ಯಲ್ಪ.

ಹುಳಿಯ ಪ್ರಭಾವ ಎಷ್ಟೆಂಬುದನ್ನು ಅಮೆರಿಕದಲ್ಲಿ 1986ರಲ್ಲಿ ಪ್ರಕಟವಾದ ಅಧ್ಯಯನವೊಂದು ಅಳೆದು ತೋರಿಸಿತು. ನೂರು ಗ್ರಾಂ ಸೇಬಿನ ಗೊಜ್ಜಿನಲ್ಲಿ ಅರ್ಧ ಮಿಲಿಗ್ರಾಂಗೂ ಕಡಿಮೆಯಿದ್ದ ಕಬ್ಬಿಣಾಂಶ, ಕಬ್ಬಿಣದ ಪಾತ್ರೆಯಲ್ಲಿ ಬೇಯಿಸಿದಾಗ ಏಳು ಮಿಲಿಗ್ರಾಂ ದಾಟಿತ್ತು. ಹುಳಿಯಿಲ್ಲದ, ಬೇಗ ಬೇಯುವ ಪದಾರ್ಥಗಳಲ್ಲಿ ಏರಿಕೆ ಅಷ್ಟಿರಲಿಲ್ಲ.

ಈ ಭಾಗದ ಅಡುಗೆಯಲ್ಲಿ ಸೇಬಿನ ಗೊಜ್ಜಿನ ಸ್ಥಾನವನ್ನು ಪುಂಡಿಪಲ್ಯ ತುಂಬಬಲ್ಲದು. ಎಲೆಯೇ ಹುಳಿ, ಅಡುಗೆಯೂ ತೆಳು. ಎರಡು ಕಟ್ಟು ಪುಂಡಿ ಸೊಪ್ಪಿಗೆ ಅರ್ಧ ಬಟ್ಟಲು ತೊಗರಿಬೇಳೆ, ಒಂದು ಹಿಡಿ ಜೋಳದ ನುಚ್ಚು ಸಾಕು. ಬೇಳೆ ಮತ್ತು ನುಚ್ಚನ್ನು ಕುಕ್ಕರಿನಲ್ಲಿ ಮೊದಲೇ ಮೆತ್ತಗೆ ಬೇಯಿಸಿಕೊಳ್ಳಬೇಕು. ಬಳಿಕ ಕಬ್ಬಿಣದ ಕಡಾಯಿಯಲ್ಲಿ ಬೆಳ್ಳುಳ್ಳಿ, ಹಸಿಮೆಣಸಿನಕಾಯಿಯ ಒಗ್ಗರಣೆ ಕೊಟ್ಟು, ಸೊಪ್ಪು ಹಾಕಿ ಬಾಡಿಸಿ, ಬೇಳೆ, ನುಚ್ಚು, ನೀರು, ಉಪ್ಪು ಸೇರಿಸಿ ಸಣ್ಣ ಉರಿಯಲ್ಲಿ ಹದಿನೈದು ನಿಮಿಷ ಕುದಿಸಬೇಕು. ಒಲೆಯಿಂದ ಇಳಿಸಿದ ಕೂಡಲೇ ಸ್ಟೀಲ್ ಪಾತ್ರೆಗೆ ಸುರಿಯಬೇಕು.

ಬಹುತೇಕರು ತಪ್ಪುವುದು ಈ ಕೊನೆಯ ಹಂತದಲ್ಲಿ. ರಾತ್ರಿಯವರೆಗೆ ಕಡಾಯಿಯಲ್ಲೇ ಬಿಟ್ಟ ಪಲ್ಯ ಕಪ್ಪಾಗಿ, ನಾಲಿಗೆಗೆ ಲೋಹದ ರುಚಿ ಹತ್ತುತ್ತದೆ. ಆಗ ಮನೆಮಂದಿ ಊಟವನ್ನೇ ಬಿಡುತ್ತಾರೆ, ಕಡಾಯಿ ಅಟ್ಟ ಸೇರುತ್ತದೆ. ಬದನೆಕಾಯಿಯಂತಹ ಒಗರು ತರಕಾರಿಗಳೂ ಕಬ್ಬಿಣ ತಾಗಿದರೆ ಕಪ್ಪಾಗುತ್ತವೆ. ಅದು ವಿಷವಲ್ಲ, ಒಗರಿನ ಅಂಶ ಕಬ್ಬಿಣದೊಡನೆ ಕೂಡಿದ ಬಣ್ಣ. ಆದರೆ ಕಡಾಯಿಯ ಮೈ ಕೆಂಪಗೆ ತುಕ್ಕು ಹಿಡಿದಿದ್ದರೆ ಉಜ್ಜಿ ತೆಗೆದು, ಒಲೆಯ ಮೇಲೆ ಒಣಗಿಸಿ, ತೆಳುವಾಗಿ ಎಣ್ಣೆ ಸವರಿ ಕಾಯಿಸಿದ ನಂತರವೇ ಬಳಸಬೇಕು. ಹೀಗೆ ಚೆನ್ನಾಗಿ ಪಳಗಿದ ಹಳೆಯ ಕಡಾಯಿ ಹೊಸದಕ್ಕಿಂತ ಕಡಿಮೆ ಕಬ್ಬಿಣ ಬಿಡುತ್ತದೆ ಎಂಬುದೂ ನಿಜ. ನಾನ್‌ಸ್ಟಿಕ್ ಅಥವಾ ಗಾಜಿನಂಥ ಲೇಪವಿರುವ ಪಾತ್ರೆಯಿಂದಂತೂ ಈ ಪ್ರಯೋಜನವೇ ಇಲ್ಲ.

ಪಲ್ಯಕ್ಕೆ ಇಳಿದ ಕಬ್ಬಿಣವೆಲ್ಲ ರಕ್ತಕ್ಕೆ ಸೇರುವುದಿಲ್ಲ. ಜೋಳ, ಬೇಳೆಯಲ್ಲಿರುವ ಫೈಟೇಟ್ ಅದನ್ನು ಹಿಡಿದಿಡುತ್ತದೆ. ಹೀಗಾಗಿ ಸೇವಿಸಿದ್ದರಲ್ಲಿ ಸಣ್ಣ ಪಾಲು ಮಾತ್ರ ದೇಹಕ್ಕೆ ದಕ್ಕುತ್ತದೆ. ಈ ಪಾಲನ್ನು ಹೆಚ್ಚಿಸುವುದು ವಿಟಮಿನ್ ಸಿ. ಇಂಡಿಯ ನಿಂಬೆ ಜಿಲ್ಲೆಯಲ್ಲೇ ಬೆಳೆಯುತ್ತದೆ; ಊಟದ ತಟ್ಟೆಯ ಮೇಲೆ ಹಿಂಡಿಕೊಂಡರೆ ಸಾಕು, ಕುದಿಯುವಾಗ ಹಾಕಿದರೆ ಆ ಸತ್ವ ಕುಂದುತ್ತದೆ. ಊಟವಾದೊಡನೆ ಚಹಾ ಕುಡಿಯುವ ರೂಢಿ ಇದೆಲ್ಲದಕ್ಕೂ ವಿರುದ್ಧ. ಅದರ ಒಗರು ಕಬ್ಬಿಣ ಹೀರಿಕೆಗೆ ಅಡ್ಡಿ. ಚಹಾವನ್ನು ಗಂಟೆಯಷ್ಟಾದರೂ ತಡಮಾಡುವುದು ಲೇಸು.

ಗರ್ಭಿಣಿಯರಿಗೆ ಸರ್ಕಾರ ನೀಡುವ ಮಾತ್ರೆಯೊಂದರಲ್ಲಿ 60 ಮಿಲಿಗ್ರಾಂ ಕಬ್ಬಿಣವಿದೆ. ಕಡಾಯಿಯ ನೆಪದಲ್ಲಿ ಮಾತ್ರೆ ನಿಲ್ಲಿಸುವಂತಿಲ್ಲ.

ಹೆಚ್ಚುವರಿ ಕಬ್ಬಿಣ ಬೇಡವಾದವರೂ ಇದ್ದಾರೆ. ಥಲಸ್ಸೀಮಿಯಾ ಅಥವಾ ಕುಡಗೋಲು ಕಣ ರೋಗಕ್ಕೆ ಪದೇಪದೇ ರಕ್ತ ಪಡೆಯುವವರ ದೇಹದಲ್ಲಿ ಕಬ್ಬಿಣ ಈಗಾಗಲೇ ಶೇಖರವಾಗಿರುತ್ತದೆ. ದೇಹವು ಅದನ್ನು ಹೊರಹಾಕುವ ದಾರಿ ಹೊಂದಿಲ್ಲವಾದ್ದರಿಂದ ಯಕೃತ್ತು, ಹೃದಯಕ್ಕೆ ಹಾನಿ. ವಂಶಪಾರಂಪರ್ಯವಾಗಿ ಕಬ್ಬಿಣ ಅತಿಯಾಗಿ ಹೀರುವ ಹಿಮೋಕ್ರೊಮಟೋಸಿಸ್ ಇರುವವರಿಗೂ ಇದೇ ಅಪಾಯ. ದೀರ್ಘಕಾಲದ ಯಕೃತ್ ಕಾಯಿಲೆ ಇದ್ದವರು ವೈದ್ಯರನ್ನು ಕೇಳಿಯೇ ಬಳಸಬೇಕು. ಆಫ್ರಿಕಾದ ದಕ್ಷಿಣ ಭಾಗದಲ್ಲಿ ಕಬ್ಬಿಣದ ಪಾತ್ರೆಯಲ್ಲಿ ಹುದುಗಿಸಿದ ಹುಳಿ ಬಿಯರ್ ಯಥೇಚ್ಛವಾಗಿ ಕುಡಿದವರಲ್ಲಿ ಇಂಥ ಶೇಖರಣೆ ಕಂಡುಬಂದಿದ್ದು ದಾಖಲೆಯಲ್ಲಿದೆ.

ಥಲಸ್ಸೀಮಿಯಾದ ವಾಹಕರಲ್ಲಿ ಗೊಂದಲ ಹೆಚ್ಚು. ಅವರ ಹಿಮೋಗ್ಲೋಬಿನ್ ತುಸು ಕಡಿಮೆ, ಕೆಂಪು ಕಣಗಳು ಸಣ್ಣವು. ವರದಿ ನೋಡಿದರೆ ಕಬ್ಬಿಣದ ಕೊರತೆಯಂತೆಯೇ ತೋರುತ್ತದೆ. ಕಬ್ಬಿಣ ಎಷ್ಟು ಕೊಟ್ಟರೂ ಆ ಸಂಖ್ಯೆ ಏರದು. ಕೊರತೆ ನಿಜವೇ ಎಂದು ತಿಳಿಸುವುದು ಫೆರಿಟಿನ್ ಪರೀಕ್ಷೆ, ಅಂದರೆ ದೇಹದ ಕಬ್ಬಿಣ ದಾಸ್ತಾನಿನ ಅಳತೆ. ಜ್ವರ, ಸೋಂಕು ಇದ್ದಾಗ ಅದು ಸುಳ್ಳಾಗಿ ಏರುವುದರಿಂದ, ಗುಣವಾದ ಮೇಲೆ ರಕ್ತ ಕೊಡುವುದು ಸೂಕ್ತ.