ದಿನಸಿ ಬೇಡಿಕೆಯ ಅಂದಾಜು: ಸರಾಸರಿಯಿಂದ ಯಂತ್ರಕಲಿಕೆಯವರೆಗೆ

ಯಂತ್ರಕಲಿಕೆ ಬಂದ ಮೇಲೆ ಬೇಡಿಕೆ ಅಂದಾಜಿನ ಹಳೆಯ ಸರಾಸರಿ ವಿಧಾನಗಳು ಮೂಲೆ ಸೇರಿದವು ಎಂಬ ನಂಬಿಕೆ ವ್ಯಾಪಕವಾಗಿದೆ. ದಾಖಲೆಗಳು ಇದನ್ನು ಪೂರ್ತಿ ಒಪ್ಪುವುದಿಲ್ಲ. ಯಾವ ವಿಧಾನ ಗೆಲ್ಲುತ್ತದೆ ಎಂಬುದು ಆ ಸರಕು ಎಷ್ಟು ಬಾರಿ ಮಾರಾಟವಾಗುತ್ತದೆ ಎಂಬುದನ್ನು ಬಹುಮಟ್ಟಿಗೆ ಅವಲಂಬಿಸಿದೆ.

1950ರ ದಶಕದಲ್ಲಿ ಅಮೆರಿಕದ ರಾಬರ್ಟ್ ಜಿ. ಬ್ರೌನ್ ದಾಸ್ತಾನು ನಿರ್ವಹಣೆಗಾಗಿ ಎಕ್ಸ್‌ಪೊನೆನ್ಷಿಯಲ್ ಸ್ಮೂದಿಂಗ್ ವಿಧಾನವನ್ನು ರೂಪಿಸಿದರು. ಇದು ಇತ್ತೀಚಿನ ಮಾರಾಟಕ್ಕೆ ಹೆಚ್ಚು ತೂಕ, ಹಳೆಯದಕ್ಕೆ ಕ್ರಮೇಣ ಕಡಿಮೆ ತೂಕ ಕೊಡುವ ಸರಾಸರಿ. 1957ರಲ್ಲಿ ಚಾರ್ಲ್ಸ್ ಹೋಲ್ಟ್ ಏರಿಳಿತದ ಪ್ರವೃತ್ತಿಯನ್ನೂ, 1960ರಲ್ಲಿ ಪೀಟರ್ ವಿಂಟರ್ಸ್ ಋತುಮಾನವನ್ನೂ ಅದರೊಳಗೆ ತಂದರು. ಆದರೆ ಅಪರೂಪಕ್ಕೆ ಮಾರಾಟವಾಗುವ ಸರಕಿನಲ್ಲಿ ಒಂದು ತೊಡಕು ಉಳಿಯಿತು. ಮಾರಾಟವಾದ ಕೂಡಲೇ ಅಂದಾಜು ಮೇಲೇರುತ್ತದೆ. ಹೊಸ ದಾಸ್ತಾನಿಗೆ ಬರೆಯುವುದೂ ಆಗಲೇ. ಹೀಗಾಗಿ ಬೇಕಾದ್ದಕ್ಕಿಂತ ಹೆಚ್ಚು ಸರಕು ಬಂದು ಬೀಳುತ್ತದೆ. 1972ರಲ್ಲಿ ಜೆ. ಡಿ. ಕ್ರಾಸ್ಟನ್ ಇದನ್ನು ತೋರಿಸಿ, ಮಾರಾಟದ ಪ್ರಮಾಣ ಮತ್ತು ಎರಡು ಮಾರಾಟಗಳ ನಡುವಿನ ಅಂತರ ಎರಡಕ್ಕೂ ಬೇರೆಬೇರೆ ಸರಾಸರಿ ಹಿಡಿಯಲು ಸೂಚಿಸಿದರು.

ಈ ವಿಧಾನಗಳಿಗೂ ಯಂತ್ರಕಲಿಕೆಗೂ ದೊಡ್ಡ ಮುಖಾಮುಖಿ ನಡೆದದ್ದು 2020ರಲ್ಲಿ, ಸ್ಪೈರೋಸ್ ಮಕ್ರಿಡಾಕಿಸ್ ಆರಂಭಿಸಿದ ಸ್ಪರ್ಧಾಸರಣಿಯ ಐದನೆಯದಾದ ಎಂ5ರಲ್ಲಿ. ವಾಲ್‌ಮಾರ್ಟ್‌ನ 10 ಮಳಿಗೆಗಳಲ್ಲಿ 3,049 ಸರಕುಗಳು ಮುಂದಿನ 28 ದಿನ ಎಷ್ಟು ಮಾರಾಟವಾಗುತ್ತವೆ ಎಂದು ಹೇಳಬೇಕಿತ್ತು. ಗೆದ್ದದ್ದು ಲೈಟ್‌ಜಿಬಿಎಂ ಎಂಬ ನಿರ್ಣಯವೃಕ್ಷ ವಿಧಾನದ ಹಲವು ಮಾದರಿಗಳ ಸರಾಸರಿ. ಅತ್ಯುತ್ತಮ ಸಾಂಪ್ರದಾಯಿಕ ಮಾನದಂಡಕ್ಕಿಂತ ಅದರ ತಪ್ಪು ಶೇ 22ರಷ್ಟು ಕಡಿಮೆಯಿತ್ತು. ಆದರೆ ಆ ಮಾನದಂಡ ಎಕ್ಸ್‌ಪೊನೆನ್ಷಿಯಲ್ ಸ್ಮೂದಿಂಗ್ ಆಗಿತ್ತು, ಮತ್ತು 5,507 ತಂಡಗಳಲ್ಲಿ ಅದನ್ನು ಮೀರಿಸಿದ್ದು 415 ಮಾತ್ರ. ಮೇಲಾಗಿ, ಗೆದ್ದ ಮಾದರಿಯ ಲಾಭ ಹೆಚ್ಚಾಗಿ ಕಂಡದ್ದು ರಾಜ್ಯ, ಮಳಿಗೆ, ವಿಭಾಗಗಳ ಒಟ್ಟು ಲೆಕ್ಕದಲ್ಲಿ. ಒಂದು ಮಳಿಗೆಯ ಒಂದು ಸರಕಿನ ಮಟ್ಟಕ್ಕೆ ಇಳಿದಾಗ ಆ ಲಾಭ ತೀರ ಕುಗ್ಗಿತು.

ಕಾರಣ ಸ್ಪಷ್ಟ. ಬೆಲೆ, ಹಬ್ಬ, ವಾರದ ದಿನಗಳ ಪರಿಣಾಮ ಸಾವಿರಾರು ಮಾರಾಟಗಳಲ್ಲಿ ಎದ್ದು ಕಾಣುತ್ತದೆ; ಹತ್ತು ದಿನಕ್ಕೆ ಎರಡು ಬಾರಿ ಮಾರಾಟವಾಗುವ ಸರಕಿನಲ್ಲಿ ಕಲಿಯಲು ಅಷ್ಟು ಮಾಹಿತಿಯೇ ಇರುವುದಿಲ್ಲ. ಅಂಥ ಕಡೆ ತಪ್ಪನ್ನು ಅಳೆಯುವ ರೀತಿಯೂ ದಾರಿ ತಪ್ಪಿಸಬಲ್ಲದು. ಹತ್ತು ದಿನಗಳಲ್ಲಿ ಒಂದು ದಿನ 2, ಇನ್ನೊಂದು ದಿನ 3 ಪೊಟ್ಟಣ ಮಾರಾಟವಾಗಿ, ಉಳಿದ ದಿನ ಏನೂ ಹೋಗಲಿಲ್ಲ ಎನ್ನೋಣ. ದಿನದ ಸರಾಸರಿ 0.5. ಪ್ರತಿದಿನವೂ ಸೊನ್ನೆ ಎಂದು ಹೇಳಿದರೆ ವ್ಯತ್ಯಾಸಗಳ ಮೊತ್ತ 5, ಪ್ರತಿದಿನ 0.5 ಎಂದರೆ 8. ಈ ಅಳತೆಯಲ್ಲಿ ಸೊನ್ನೆಯೇ ಗೆಲ್ಲುತ್ತದೆ, ಅದನ್ನು ನಂಬಿದರೆ ಕಪಾಟು ಖಾಲಿಯಾಗುತ್ತದೆ. ವ್ಯತ್ಯಾಸದ ವರ್ಗವನ್ನು ಕೂಡಿದರೆ ಸೊನ್ನೆಗೆ 13, ಸರಾಸರಿಗೆ 10.5, ಆಗ ಸರಾಸರಿಯೇ ಮುಂದೆ. ಎಂ5 ವರ್ಗಾಧಾರಿತ ಅಳತೆಯನ್ನು ಆರಿಸಿಕೊಂಡದ್ದು ಈ ಕಾರಣಕ್ಕೇ.

ಆದ್ದರಿಂದ ಹಾಲು, ಬ್ರೆಡ್‌ನಂತೆ ದಿನವೂ ಮಾರಾಟವಾಗುವ, ರಿಯಾಯಿತಿಗೆ ಥಟ್ಟನೆ ಸ್ಪಂದಿಸುವ ಸರಕುಗಳಿಗೆ ಯಂತ್ರಕಲಿಕೆ ತಕ್ಕದ್ದು. ನಿಧಾನಗತಿಯ ಸರಕುಗಳಲ್ಲಿ, ಸರಾಸರಿಯನ್ನು ಅದೇ ದತ್ತಾಂಶದ ಮೇಲೆ ಸೋಲಿಸಿ ತೋರಿಸುವವರೆಗೂ ಯಾವ ಹೊಸ ಮಾದರಿಯನ್ನೂ ಒಪ್ಪಿಕೊಳ್ಳಬಾರದು.