ಅರ್ಧವೋ ಮೂರನೇ ಒಂದೋ: ಶಂಕುವಿನ ಘನಫಲ ಮತ್ತು ನೀರು ಸುರಿಯುವ ಪ್ರಯೋಗ

ಎನ್‌ಸಿಇಆರ್‌ಟಿ ಒಂಬತ್ತನೇ ತರಗತಿಯ ಗಣಿತ ಪುಸ್ತಕದಲ್ಲಿ ಶಂಕುವಿನ ತುಂಬ ಮರಳು ತುಂಬಿ, ಅದೇ ಪಾದ, ಅದೇ ಎತ್ತರದ ಸಿಲಿಂಡರಿಗೆ ಮೂರು ಸಲ ಸುರಿಯುವ ಚಟುವಟಿಕೆಯಿದೆ. ಮರಳಿನ ಬದಲು ನೀರನ್ನೂ ಬಳಸಬಹುದು. ಸುರಿದು ನೋಡುವುದು ಸಾಧನೆಯಲ್ಲ ಎಂದು ಇದನ್ನು ತಳ್ಳಿಹಾಕುವವರಿದ್ದಾರೆ. ಆದರೆ ಶಂಕುವಿನ ಘನಫಲ ಸಿಲಿಂಡರಿನದರ ಮೂರನೇ ಒಂದು ಎಂಬ ನಿಯಮದ ಚರಿತ್ರೆಯನ್ನು ನೋಡಿದರೆ ಇಂಥ ಪ್ರಯೋಗ ಏನನ್ನು ತೀರ್ಮಾನಿಸಬಲ್ಲದು, ಏನನ್ನು ತೀರ್ಮಾನಿಸಲಾರದು ಎಂಬುದು ತಿಳಿಯುತ್ತದೆ. ಕ್ರಿ.ಶ. 499ರ ಆರ್ಯಭಟೀಯದಲ್ಲಿ ಆರು ಅಂಚುಗಳ ಚೂಪು ಘನಕ್ಕೆ ಪಾದದ ಕ್ಷೇತ್ರಫಲವನ್ನು ಎತ್ತರದಿಂದ ಗುಣಿಸಿ ಅರ್ಧ ಮಾಡಬೇಕೆಂಬ ನಿಯಮವಿದೆ. ತ್ರಿಕೋನವು ಆಯತದ ಅರ್ಧ ಎಂಬ ಹೋಲಿಕೆಯೇ ಇದಕ್ಕೆ ಮೂಲವಾಗಿರಬಹುದು. ಶಂಕುವಿನ ನೆಟ್ಟಗಿನ ಸೀಳು ತ್ರಿಕೋನವೇ ಆದ್ದರಿಂದ ಇವತ್ತಿನ ವಿದ್ಯಾರ್ಥಿಯೂ ಮೊದಲು ಊಹಿಸುವುದು ಅರ್ಧವನ್ನೇ. 628ರಲ್ಲಿ ಬ್ರಹ್ಮಗುಪ್ತ, ಸಮನಾಗಿ ತೋಡಿದ ಗುಂಡಿಯ ಘನಫಲದ ಮೂರನೇ ಒಂದು ಪಾಲು ಚೂಪು ಗುಂಡಿಯದು ಎಂದ. 1150ರ ಲೀಲಾವತಿಯೂ ಅದನ್ನೇ ಹೇಳುತ್ತದೆ. ಅಲ್ಲಿ ಧಾನ್ಯದ ರಾಶಿಗೆ ಸುತ್ತಳತೆಯ ಆರನೇ ಒಂದರ ವರ್ಗವನ್ನು ಎತ್ತರದಿಂದ ಗುಣಿಸುವ ಲೆಕ್ಕವಿದೆ. ಪೈ ಮೂರು ಎಂದಿಟ್ಟುಕೊಂಡರೆ ಇದೂ ಮೂರನೇ ಒಂದರ ನಿಯಮವೇ.

ಇನ್ನು ಪ್ರಯೋಗಕ್ಕೆ ಬರೋಣ. ಎರಡೂ ಪಾತ್ರೆಗಳ ಬಾಯಿ 10 ಸೆಂ.ಮೀ. ಅಗಲ, ಎತ್ತರ 12 ಸೆಂ.ಮೀ. ಇರಲಿ. ಸಿಲಿಂಡರಿಗೆ ಸುಮಾರು 942 ಮಿ.ಲೀ. ನೀರು ಹಿಡಿಸುತ್ತದೆ, ಶಂಕುವಿಗೆ 314. ಅರ್ಧ ಎಂಬುದು ನಿಜವಾಗಿದ್ದರೆ ಎರಡು ಸಲಕ್ಕೇ ಸಿಲಿಂಡರು ತುಂಬಬೇಕಿತ್ತು. ಆದರೆ ನೀರು 8 ಸೆಂ.ಮೀ.ಗೆ ನಿಂತು, ಮೇಲೆ 4 ಸೆಂ.ಮೀ. ಖಾಲಿ ಉಳಿಯುತ್ತದೆ. ಶಂಕುವನ್ನು ಪ್ರತಿ ಸಲವೂ ಅಂಚಿಗೆ 2 ಮಿ.ಮೀ. ಕಡಿಮೆ ತುಂಬಿದರೆ ಸುಮಾರು 15 ಮಿ.ಲೀ. ಕೊರತೆಯಾಗುತ್ತದೆ, ಏಕೆಂದರೆ ಶಂಕುವಿನ ಹೆಚ್ಚು ನೀರು ಇರುವುದು ಅಗಲವಾದ ಬಾಯಿಯ ಹತ್ತಿರ. ಮೂರು ಸಲಕ್ಕೆ ಸಿಲಿಂಡರಿನಲ್ಲಿ 6 ಮಿ.ಮೀ.ನಷ್ಟು ಕೊರತೆ ಕಾಣುತ್ತದೆ. ತರಗತಿಯಲ್ಲಿ ಲೆಕ್ಕ ತಪ್ಪಿತು ಎನಿಸುವುದು ಹೆಚ್ಚಾಗಿ ಇದರಿಂದಲೇ. ಆದರೂ 4 ಸೆಂ.ಮೀ.ಗೂ 6 ಮಿ.ಮೀ.ಗೂ ನಡುವಿನ ಅಂತರ ಕಣ್ಣಿಗೆ ಸ್ಪಷ್ಟ; ಅರ್ಧದ ಊಹೆ ಉಳಿಯುವುದಿಲ್ಲ.

ಒಂದು ಪಾತ್ರೆಯಲ್ಲಿ ಕಂಡದ್ದು ಎಲ್ಲ ಶಂಕುಗಳಿಗೂ ಅನ್ವಯಿಸುತ್ತದೆಯೇ ಎಂಬ ಆಕ್ಷೇಪಕ್ಕೆ ಉತ್ತರವಿದೆ. ಪಾತ್ರೆಗಳ ಅಗಲವನ್ನು ಎರಡು ಪಟ್ಟು ಮಾಡಿದರೆ ಎರಡರ ಘನಫಲವೂ ನಾಲ್ಕು ಪಟ್ಟಾಗುತ್ತದೆ, ಎತ್ತರವನ್ನು ಹಿಗ್ಗಿಸಿದರೆ ಎರಡೂ ಅಷ್ಟೇ ಹಿಗ್ಗುತ್ತವೆ. ಆದ್ದರಿಂದ ಅನುಪಾತ ಬದಲಾಗದು. ತಿಳಿಯಬೇಕಾದದ್ದು ಒಂದೇ ಸಂಖ್ಯೆ, ಅದಕ್ಕೆ ಒಂದು ಜೋಡಿ ಪಾತ್ರೆ ಸಾಕು. ಎರಡನೆಯ ಆಕ್ಷೇಪ ಗಟ್ಟಿಯಾದದ್ದು: ಆ ಸಂಖ್ಯೆ ಮೂರನೇ ಒಂದೇ, ಅಥವಾ 0.34 ಆಗಿರಬಹುದೇ ಎಂಬುದನ್ನು ನೀರು ಹೇಳಲಾರದು. ಅದಕ್ಕೆ ಸಾಧನೆಯೇ ಬೇಕು. ಆರ್ಕಿಮಿಡೀಸ್ ಹೇಳುವಂತೆ ಮೂರನೇ ಒಂದು ಎಂಬ ಫಲಿತವನ್ನು ಮೊದಲು ಹೇಳಿದವನು ಡೆಮಾಕ್ರಿಟಸ್, ಸಾಧಿಸಿದವನು ಯೂಡಾಕ್ಸಸ್. ಸಾಧನೆ ಯೂಕ್ಲಿಡನ ಹನ್ನೆರಡನೇ ಪುಸ್ತಕದಲ್ಲಿದೆ. ಶಾಲೆಯಲ್ಲಿ ಇದಕ್ಕೆ ಹತ್ತಿರದ ದಾರಿ, ಘನವೊಂದನ್ನು ಒಂದೇ ಮೂಲೆಯಲ್ಲಿ ತುದಿ ಸೇರುವ ಮೂರು ಸಮಾನ ಪಿರಮಿಡ್ಡುಗಳಾಗಿ ಸೀಳಿ ತೋರಿಸುವುದು. ಪಾದ, ಎತ್ತರ ಸಮನಾಗಿದ್ದು, ಪ್ರತಿ ಎತ್ತರದಲ್ಲೂ ಅಡ್ಡ ಸೀಳಿನ ವಿಸ್ತೀರ್ಣ ಪಿರಮಿಡ್ಡಿನದ್ದಕ್ಕೆ ಸಮವಾಗುವ ಶಂಕುವಿಗೂ ಆಗ ಅದೇ ಪಾಲು ಬರುತ್ತದೆ. ನೀರು ತಪ್ಪು ಊಹೆಯನ್ನು ಕೆಡವುತ್ತದೆ, ಸೀಳುವುದು ಸರಿಯಾದದ್ದನ್ನು ಸಾಧಿಸುತ್ತದೆ. ಹಾಗಾಗಿ ನೀರಿನ ಪ್ರಯೋಗವನ್ನು ಸೀಳುವ ಪ್ರಯೋಗಕ್ಕೆ ಮುಂಚೆ ಮಾಡಿಸಬೇಕು, ಅದೂ ಮಕ್ಕಳು ತಮ್ಮ ಊಹೆಯನ್ನು ಬರೆದಿಟ್ಟ ಮೇಲೆ.