ಚಂದ್ರನ ಮೇಲಿನ ದೂರು: ಚಲಚ್ಚಿತ್ರ ಗೀತದಲ್ಲಿ ಒಂದು ಅಭಿಸಾರ

ಹಳೆಯ ಚಲಚ್ಚಿತ್ರ ಗೀತಗಳಲ್ಲಿ ಪ್ರಣಯವು ನೇರವಾಗಿ ಮಾತಾಡದೆ ಮುಗಿಲು, ಹೂವು, ಚಂದ್ರರ ಮರೆಯಲ್ಲಿ ನಿಂತು ಮಾತಾಡಿದುದಕ್ಕೆ ಪರೀಕ್ಷಕ ಮಂಡಳಿಯ ಭಯವೇ ಕಾರಣವೆಂದು ಹೇಳುವವರುಂಟು. ಈ ಕಾರಣವು ಸುಳ್ಳಲ್ಲ, ಆದರೆ ಸಾಲದು. 1933ರ 'ಕರ್ಮ' ಚಿತ್ರದಲ್ಲಿ ದೇವಿಕಾರಾಣಿ ಹಿಮಾಂಶು ರಾಯರ ಚುಂಬನದೃಶ್ಯವು ತೆರೆಯ ಮೇಲೆ ಬಂದಿತ್ತು. ಮರೆಯ ಮಾತಿನ ಮೂಲವನ್ನು ಕಾನೂನಿಗಿಂತ ಕಾವ್ಯದಲ್ಲಿ ಹುಡುಕುವುದು ಮೇಲು. ಬಿಮಲ್ ರಾಯ್ ನಿರ್ದೇಶಿಸಿದ 'ಬಂದಿನಿ' (1963) ಎಂಬ ಹಿಂದೀ ಚಿತ್ರದ ಒಂದು ಗೀತವು ಇದಕ್ಕೆ ಒಳ್ಳೆಯ ಸಾಕ್ಷಿಯಾಗಿದೆ.

ಚಿತ್ರದ ಕಥೆಯು ಜರಾಸಂಧನೆಂಬ ಬಂಗಾಳಿ ಲೇಖಕನ 'ತಾಮಸಿ'ಯನ್ನು ಆಧರಿಸಿದುದು. ನಾಯಿಕೆ ಕಲ್ಯಾಣಿಯು ಹಳ್ಳಿಯ ಪೋಸ್ಟ್‌ಮಾಸ್ತರರ ಮಗಳು. ತಂದೆಯು ವೈಷ್ಣವ ಪದಗಳಲ್ಲಿ ಆಸಕ್ತನಾದ ಸಾತ್ವಿಕ. ಸರ್ಕಾರದ ಕಾವಲಿನಲ್ಲಿ ಆ ಊರಿಗೆ ಬಂದಿರುವ ಕ್ರಾಂತಿಕಾರಿ ವಿಕಾಸನ ಮೇಲೆ ಅವಳ ಮನಸ್ಸು ಹೋಗಿದೆ. ಈ ಪ್ರಸಂಗಕ್ಕೆ ಗೀತವನ್ನು ಬರೆಯಲು ಸಚಿನ್ ದೇವ್ ಬರ್ಮನ್ನರ ಬಳಿಗೆ ಬಂದವರು ಗುಲ್ಜಾರರು. ಉಳಿದ ಗೀತಗಳೆಲ್ಲ ಶೈಲೇಂದ್ರರವು. ಗುಲ್ಜಾರರು ಮುಂದೆ ಹೇಳಿಕೊಂಡಿರುವ ಪ್ರಕಾರ, ನಿರ್ದೇಶಕರಿಗೂ ಸಂಗೀತ ನಿರ್ದೇಶಕರಿಗೂ ಆಗ ಒಂದು ವಿವಾದವಾಯಿತು. ಕುಲೀನ ಕನ್ಯೆಯು ಹಾಡಲೆಂದು ಮನೆಯ ಹೊರಗೆ ಹೋಗಲಾರಳೆಂದು ಬಿಮಲ್ ರಾಯ್. ತಂದೆಯ ಎದುರಿನಲ್ಲಿ ಇಂತಹ ಹಾಡನ್ನು ಹೇಗೆ ಹಾಡಿಯಾಳು, ಒಳಗೆ ಕುಳಿತರೆ ತಮ್ಮ ರಾಗಕ್ಕೆ ಉಸಿರು ಕಟ್ಟುವುದೆಂದು ಬರ್ಮನ್. ಹೊರಗೆ ಹೋಗಬೇಕು, ಹೋಗಲಾರಳು. ಈ ಇಕ್ಕಟ್ಟೇ ಗೀತದ ವಸ್ತುವಾಯಿತು.

ಅವಳು ಹಾಡುವುದರ ತಾತ್ಪರ್ಯವಿಷ್ಟು: ತನ್ನ ಬಿಳಿಯ ಮೈಬಣ್ಣವನ್ನು ಯಾರಾದರೂ ತೆಗೆದುಕೊಂಡು ಶ್ಯಾಮವರ್ಣವನ್ನು ಕೊಡಲಿ, ಹಾಗಾದರೆ ತಾನು ಇರುಳಿನಲ್ಲಿ ಅಡಗಿ ಹೋಗಬಲ್ಲೆನು. ಲಜ್ಜೆಯೊಂದು ಹಿಂದಕ್ಕೆಳೆಯುತ್ತದೆ, ಮೋಹವೊಂದು ಮುಂದಕ್ಕೆಳೆಯುತ್ತದೆ. ಅಷ್ಟರಲ್ಲಿ ಚಂದ್ರನು ಮೋಡವನ್ನು ಸರಿಸಿ ಇಣುಕುತ್ತಾನೆ. ವೈರಿಯಾದ ಇವನನ್ನು ರಾಹು ಹಿಡಿಯಲಿ ಎಂದು ಅವಳು ಶಪಿಸುತ್ತಾಳೆ.

ಹಿಂದಿನ ಕಾವ್ಯವನ್ನೋದಿದವರಿಗೆ ಈ ಹೆಣ್ಣು ಅಪರಿಚಿತಳಲ್ಲ. ಇನಿಯನನ್ನು ಅರಸಿ ರಾತ್ರಿಯಲ್ಲಿ ಹೊರಡುವ ಅಭಿಸಾರಿಕೆಯು ಬೆಳುದಿಂಗಳಿನಲ್ಲಿ ಬಿಳಿಯ ಉಡುಗೆಯನ್ನೂ ಕತ್ತಲಲ್ಲಿ ಕಪ್ಪು ಉಡುಗೆಯನ್ನೂ ಧರಿಸುವುದು ಕವಿಸಮಯ. ಹನ್ನೆರಡನೆಯ ಶತಮಾನದ ಜಯದೇವನ ಗೀತಗೋವಿಂದದಲ್ಲಿ ಸಖಿಯು ರಾಧೆಗೆ ಸದ್ದುಮಾಡುವ ನೂಪುರವನ್ನು ತೊರೆದು ನೀಲಿಯ ಮುಸುಕನ್ನು ಹೊದೆದು ಕುಂಜಕ್ಕೆ ಹೋಗೆಂದು ಬುದ್ಧಿಹೇಳುತ್ತಾಳೆ. ಕಲ್ಯಾಣಿಗೆ ಸಖಿಯಿಲ್ಲ, ನೀಲಿಯ ಮುಸುಕೂ ಇಲ್ಲ. ಆದುದರಿಂದ ಅವಳು ಬಟ್ಟೆಯನ್ನಲ್ಲ, ಚರ್ಮವನ್ನೇ ಬದಲಿಸಬಯಸುತ್ತಾಳೆ. ಗುಲ್ಜಾರರ ಸ್ವಂತದ ಮಾತೆಂದರೆ ಇದೇ. ಶ್ಯಾಮವೆಂಬುದು ಕತ್ತಲೆಯ ಬಣ್ಣವೂ ಹೌದು, ಕೃಷ್ಣನ ಹೆಸರೂ ಹೌದು. ಆ ಬಣ್ಣವನ್ನು ಬೇಡುವುದೆಂದರೆ ಲೋಕದ ಕಣ್ಣಿಗೆ ಮರೆಯಾಗಲು ಬೇಡುವುದೂ, ಅವನಂತೆಯೇ ಆಗಿಬಿಡಲು ಬೇಡುವುದೂ ಒಂದೇ ಉಸಿರಿನಲ್ಲಿ ಆಗುತ್ತದೆ. ತಂದೆಯ ಬಾಯಿಂದ ವೈಷ್ಣವ ಪದಗಳನ್ನು ಕೇಳಿ ಬೆಳೆದವಳಿಗೆ ಈ ಭಾಷೆ ಎಲ್ಲಿಂದ ಬಂದಿತೆಂದು ಪ್ರೇಕ್ಷಕನು ಕೇಳಬೇಕಾಗಿಲ್ಲ.

ವಿಕಾಸನ ಹೆಸರು ಗೀತದಲ್ಲೆಲ್ಲಿಯೂ ಇಲ್ಲ. ಅವಳ ಕೋಪವೆಲ್ಲ ಚಂದ್ರನ ಮೇಲೆ. ಆದರೆ ಬೆಳಕು ತನ್ನನ್ನು ತೋರಿಸಿಕೊಡುವುದೆಂದು ದೂರುವವಳು, ಅಡಗಿಸಬೇಕಾದುದೊಂದು ತನ್ನಲ್ಲಿದೆಯೆಂದು ಒಪ್ಪಿಕೊಂಡಂತೆಯೇ ಆಯಿತಲ್ಲವೆ? ಧ್ವನಿಯು ಹುಟ್ಟುವುದು ಇಲ್ಲಿ. ನಿಜವಾದ ಪ್ರತಿಮೆಯನ್ನು ಬರಿಯ ಅಲಂಕಾರದಿಂದ ಬೇರ್ಪಡಿಸಲು ಒಂದು ಸುಲಭ ಪರೀಕ್ಷೆಯುಂಟು. ಚಂದ್ರನನ್ನು ತೆಗೆದು ಕಮಲವನ್ನಿಟ್ಟು ನೋಡಬೇಕು. ಅರ್ಥವು ಕೆಡದಿದ್ದರೆ ಚಂದ್ರನಿಗೆ ಅಲ್ಲಿ ಕೆಲಸವಿರಲಿಲ್ಲವೆಂದೇ ತಿಳಿಯಬೇಕು. ಪ್ರಾಸಕ್ಕಾಗಿ ಬಂದ ಇಂತಹ ಚಂದ್ರರು ಚಿತ್ರಗೀತಗಳಲ್ಲಿ ಬೇಕಾದಷ್ಟು ಮಂದಿ ಇದ್ದಾರೆ! ಈ ಗೀತದಲ್ಲಿ ಮಾತ್ರ ಅವನನ್ನು ತೆಗೆದರೆ ಕಥೆಯೇ ನಿಂತುಹೋಗುವುದು.

ಚಿತ್ರವು ಕಪ್ಪುಬಿಳುಪಿನದಾದುದೂ ಒಂದು ಭಾಗ್ಯವೇ ಸರಿ. ಗೀತದ ವಿವಾದವೆಲ್ಲ ಬಿಳುಪಿಗೂ ಕಪ್ಪಿಗೂ ನಡೆದುದು. ಕಮಲ್ ಬೋಸರ ಛಾಯಾಗ್ರಹಣವು ನೂತನ್ನರ ಮುಖವನ್ನು ಆ ಎರಡರ ನಡುವೆಯೇ ಹಿಡಿದು ನಿಲ್ಲಿಸುತ್ತದೆ. ಲತಾ ಮಂಗೇಶ್ಕರರ ಕಂಠವೂ ಯಾರಿಗೂ ಕೇಳಬಾರದೆಂಬಂತೆ ಮೆಲ್ಲಗೆ ಸಾಗುತ್ತದೆ.

ಕಲ್ಯಾಣಿಯು ಕೊಲೆಯ ಅಪರಾಧಕ್ಕಾಗಿ ಸೆರೆಯಲ್ಲಿರುವುದನ್ನು ಪ್ರೇಕ್ಷಕರು ಮೊದಲೇ ಬಲ್ಲರು. ಈ ಇರುಳು ಅವಳ ನೆನಪಾಗಿ ಬರುವುದು. ಚಿತ್ರದ ಕೊನೆಯಲ್ಲಿ, ರೋಗಿಯಾದ ವಿಕಾಸನು ಹಡಗನ್ನೇರುವಾಗ, ಬರ್ಮನ್ನರೇ ಹಾಡಿದ ಅಂಬಿಗನ ಹಾಡು ಕೇಳಿಬರುತ್ತದೆ. ಅದನ್ನು ಬರೆದವರು ಶೈಲೇಂದ್ರ. ಅಲ್ಲಿ ಚಂದ್ರನಿಲ್ಲ, ಇರುಳಿನ ಮರೆಯಿಲ್ಲ; ನದಿಯೂ ಆಚೆಯ ದಡವೂ ಇವೆ. ಅಡಗಲು ಕತ್ತಲನ್ನು ಬೇಡಿದ ಅದೇ ಹೆಣ್ಣು, ಎಲ್ಲರೂ ನೋಡುತ್ತಿರುವಂತೆಯೇ ಹಡಗಿನ ಕಡೆಗೆ ಓಡುತ್ತಾಳೆ.